ಗುಳಿಗೆಗೂ ಒಂದು ಕ್ಯಾಲೆಂಡರ್ ಇದೆ

ಡಿ.ಫಾರ್ಮ್ ಮುಗಿಸಿ ಬೆಟಗೇರಿಯ ಔಷಧ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಇದು ನನಗೆ ಮೂರನೇ ವರ್ಷ. ಹಗಲು ಅಂಗಡಿ, ರಾತ್ರಿ ಸರ್ಕಾರಿ ಫಾರ್ಮಸಿ ಹುದ್ದೆಯ ಪರೀಕ್ಷೆಗೆ ಓದು. ನಮ್ಮ ಅಂಗಡಿಗೆ ಗದಗಿನವರಷ್ಟೇ ಅಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಸ್ಸಿಗೆ ಬಂದು ಡಾಕ್ಟರಿಗೆ ತೋರಿಸಿಕೊಂಡವರೂ ಬರುತ್ತಾರೆ. ಕೆಮ್ಮಿನ ಔಷಧ ಬೇಕಾದವರು ದನಿ ಎತ್ತಿ ಕೇಳುತ್ತಾರೆ. ಖಿನ್ನತೆಯ ಗುಳಿಗೆಯ ಚೀಟಿ ತಂದವರು ಮಾತ್ರ ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಕಾಯುತ್ತಾರೆ. ಆಮೇಲೆ ಮಡಿಚಿದ ಚೀಟಿಯನ್ನು ಮಡಿಚಿದಂತೆಯೇ ಮುಂದೆ ಚಾಚುತ್ತಾರೆ. ಅವರಲ್ಲಿ ಅರ್ಧದಷ್ಟು ಜನ ನನ್ನದೇ ವಯಸ್ಸಿನವರು: ಡಿಗ್ರಿ ಮುಗಿಸಿದವರು, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ರೂಮು ಮಾಡಿಕೊಂಡು ಓದುತ್ತಿರುವವರು.

ಅವರು ಕೇಳುವ ಪ್ರಶ್ನೆಗಳು ಮೂರೇ. ‘ಇದು ನಿದ್ದಿ ಗುಳಿಗಿ ಏನ್ರಿ?’ ‘ಚಟಾ ಹತ್ತತೈತೇನ್ರಿ?’ ‘ಎಷ್ಟ್ ದಿನಕ್ಕ ಆರಾಮ ಆಗ್ತೈತ್ರಿ?’ ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಈ ಮೂರು ವರ್ಷದಲ್ಲಿ ನನ್ನ ಮುಂದೆ ಕೇಳಿದವರು ಬೆರಳೆಣಿಕೆಯಷ್ಟು: ‘ಇದನ್ನ ಬಿಡೋದು ಹೆಂಗ್ರಿ?’ ನನ್ನ ವಾದ ಇಷ್ಟೇ: ಈ ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಮೊದಲ ದಿನವೇ ಹೇಳಬೇಕು. ಡಾಕ್ಟರು ಹೇಳದಿದ್ದರೆ ಗುಳಿಗೆ ಕೊಡುವ ನಾವು ಹೇಳಬೇಕು, ನಾವೂ ಹೇಳದಿದ್ದರೆ ನೀವು ಕೇಳಿ ತಿಳಿಯಬೇಕು. ಹಾಗೆ ಆಗದ್ದರಿಂದ ಏನಾಗುತ್ತದೆ ಎಂಬುದನ್ನು ನಾನು ಕೌಂಟರಿನ ಈ ಕಡೆಯಿಂದ ನೋಡುತ್ತಲೇ ಇದ್ದೇನೆ.

ನಮ್ಮ ಅಂಗಡಿಯಲ್ಲಿ ಹೆಚ್ಚು ಹೋಗುವ ಖಿನ್ನತೆಯ ಗುಳಿಗೆ ಎಸ್ಸಿಟಾಲೊಪ್ರಾಮ್. ಸರ್ಟ್ರಾಲಿನ್, ಫ್ಲುಒಕ್ಸೆಟಿನ್, ಪ್ಯಾರೊಕ್ಸೆಟಿನ್ ಕೂಡ ಇದೇ ಮನೆತನದವು. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು ನೂರು ಥರ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ಇವುಗಳಲ್ಲಿ ಒಂದು. ಇವು ನಿದ್ದೆ ಗುಳಿಗೆ ಅಲ್ಲ. ಆದರೆ ಜನ ಹಾಗೆ ತಿಳಿಯುವುದಕ್ಕೆ ಕಾರಣವಿದೆ, ಅದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು. ಚೀಟಿಯಲ್ಲಿ ಬಹಳ ಸಲ ಎರಡು ಹೆಸರು ಇರುತ್ತವೆ: ಬೆಳಿಗ್ಗೆಗೆ ಎಸ್ಸಿಟಾಲೊಪ್ರಾಮ್, ರಾತ್ರಿಗೆ ಕ್ಲೊನಾಜೆಪಾಮ್. ಎರಡನೆಯದು ನಿಜವಾಗಿಯೂ ಆತಂಕ ತಗ್ಗಿಸಿ ನಿದ್ದೆ ಬರಿಸುವ ಗುಳಿಗೆ. ನುಂಗಿದ ರಾತ್ರಿಯೇ ಕೆಲಸ ಮಾಡುತ್ತದೆ. ಅದನ್ನು ತಿಂಗಳುಗಟ್ಟಲೆ ನುಂಗಿದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಚಟವೂ ಆಗಬಹುದು. ಅದಕ್ಕೇ ಡಾಕ್ಟರು ಸಾಮಾನ್ಯವಾಗಿ ಅದನ್ನು ಮೊದಲ ಎರಡು ಮೂರು ವಾರಕ್ಕೆ ಮಾತ್ರ ಬರೆಯುತ್ತಾರೆ. ಮೊದಲ ಗುಳಿಗೆ ತನ್ನ ಕೆಲಸ ಹಿಡಿಯುವವರೆಗೆ ಊರುಗೋಲಿನ ಹಾಗೆ.

ಇನ್ನೊಂದು ತೊಡಕೂ ಇದೆ. ಈ ಎರಡೂ ಔಷಧವನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ಪಟ್ಟಿಗಳು ನಮ್ಮ ದೇಶದ ಅಂಗಡಿಗಳಲ್ಲಿ ಸಿಗುತ್ತವೆ. ಅಂಥದ್ದನ್ನು ತೆಗೆದುಕೊಳ್ಳುವವರಿಗೆ ತಾವು ಎರಡು ಔಷಧ ನುಂಗುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಒಂದನ್ನು ಎರಡು ವಾರಕ್ಕೆ ನಿಲ್ಲಿಸಿ ಇನ್ನೊಂದನ್ನು ಮುಂದುವರಿಸುವ ದಾರಿಯೂ ಅದರಲ್ಲಿ ಇಲ್ಲ. ಬಹಳ ದಿನ ತೆಗೆದುಕೊಂಡು ಅದನ್ನು ಒಮ್ಮೆಗೇ ಬಿಟ್ಟರೆ ಎರಡರ ಪೆಟ್ಟೂ ಒಟ್ಟಿಗೆ ಬೀಳುತ್ತದೆ. ಕ್ಲೊನಾಜೆಪಾಮನ್ನು ದೀರ್ಘಕಾಲ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಆದ್ದರಿಂದ ನಿಮ್ಮ ಪಟ್ಟಿಯ ಹಿಂದೆ ಒಂದು ಹೆಸರಿದೆಯೋ ಎರಡೋ, ತಿರುಗಿಸಿ ಓದಿ. ಅಂಗಡಿಯವರನ್ನು ಕೇಳಲು ಸಂಕೋಚ ಬೇಡ, ಅದನ್ನು ಓದಿ ಹೇಳುವುದಕ್ಕೇ ನಮಗೆ ಲೈಸೆನ್ಸು ಇರುವುದು.

ಇನ್ನು ಎಷ್ಟು ದಿನ ಎಂಬ ಪ್ರಶ್ನೆ. ಇಲ್ಲಿ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು, ಊರು ಬೇಡ ಎಂದಿದ್ದಾನೆ. ಶಿರಹಟ್ಟಿ ತಾಲ್ಲೂಕಿನವನು, ವಯಸ್ಸು 23, ಗದಗಿನಲ್ಲಿ ಬಿ.ಎ. ಮುಗಿಸಿ ಬೆಟಗೇರಿಯಲ್ಲಿ ಇಬ್ಬರ ಜೊತೆ ರೂಮಿನಲ್ಲಿದ್ದ. ಎರಡು ಸಲ ಪರೀಕ್ಷೆ ಕೈಕೊಟ್ಟ ಮೇಲೆ ಪುಸ್ತಕ ಹಿಡಿದರೆ ಅಕ್ಷರ ತಲೆಗೆ ಹೋಗುತ್ತಿರಲಿಲ್ಲ. ನಸುಕಿನ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಊಟ ಅರ್ಧ. ರೂಮಿನ ಗೆಳೆಯರು ಸೋಮಾರಿ ಎಂದರು, ಮನೆಯವರು ಯಾವುದೋ ಹುಡುಗಿಯ ವಿಷಯ ಇರಬೇಕು ಎಂದರು. ಕೊನೆಗೆ ಗೆಳೆಯನೊಬ್ಬನೇ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರು ಎಸ್ಸಿಟಾಲೊಪ್ರಾಮ್ ಬರೆದರು: ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10.

ಒಂಬತ್ತನೆಯ ದಿನ ಅಂಗಡಿಗೆ ಬಂದ. ‘ಅಣ್ಣಾ, ಈ ಗುಳಿಗಿ ನನಗ ಹೊಂದವಲ್ದು. ಮದಲ ಇದ್ದ ಕಷ್ಟ ಹಂಗ ಐತಿ, ಮ್ಯಾಲ ವಾಕರಿಕಿ, ತಲಿ ಭಾರ, ಕುಂತಲ್ಲಿ ಕುಂದರಾಕ ಆಗವಲ್ದು’ ಅಂದ.

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಈ ಗುಳಿಗೆಗಳ ವಿಚಿತ್ರವೇ ಅದು: ತೊಂದರೆ ಮೊದಲು ಬರುತ್ತದೆ, ಉಪಕಾರ ಆಮೇಲೆ. ಹೊಟ್ಟೆ ತೊಳಸುವುದು, ತಲೆನೋವು, ಭೇದಿ, ನಿದ್ದೆಯ ಏರುಪೇರು, ಒಂದು ಬಗೆಯ ಚಡಪಡಿಕೆ ಮೊದಲ ದಿನಗಳಿಂದಲೇ ಕಾಣಿಸಬಹುದು. ಬಹುಪಾಲು ಜನರಲ್ಲಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ತಿಂಡಿಯ ನಂತರ ನುಂಗಿದರೆ ವಾಕರಿಕೆ ಕಡಿಮೆ. ಮನಸ್ಸಿನ ಭಾರ ಇಳಿಯಲು ಶುರುವಾಗುವುದು ಸಾಮಾನ್ಯವಾಗಿ ಎರಡನೆಯ ವಾರದಿಂದ ನಾಲ್ಕನೆಯ ವಾರದ ಒಳಗೆ. ಪೂರ್ತಿ ಪರಿಣಾಮ ತಿಳಿಯಲು ಆರು ವಾರ, ಕೆಲವರಿಗೆ ಎಂಟು ವಾರ ಬೇಕು. ಹತ್ತು ಗುಳಿಗೆಯ ಒಂದು ಪಟ್ಟಿ ನುಂಗಿ ‘ಕೆಲಸ ಮಾಡಲಿಲ್ಲ’ ಎಂದು ತೀರ್ಮಾನಿಸುವುದು, ಜೋಳ ಬಿತ್ತಿ ಹತ್ತನೆಯ ದಿನಕ್ಕೆ ತೆನೆ ಹುಡುಕಿದ ಹಾಗೆ.

ಯಾಕೆ ಇಷ್ಟು ತಡ? ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೊನಿನ್ ಒಂದು. ಸುದ್ದಿ ಮುಟ್ಟಿಸಿದ ಮೇಲೆ ಕೋಶ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಆ ಎಳೆದುಕೊಳ್ಳುವ ಬಾಗಿಲನ್ನು ಈ ಗುಳಿಗೆ ಮುಚ್ಚುತ್ತದೆ, ಅದೂ ಕೆಲವೇ ಗಂಟೆಗಳಲ್ಲಿ. ಸೆರೊಟೊನಿನ್ ಕಡಿಮೆ ಇದ್ದದ್ದೇ ಕಾಯಿಲೆ, ಅದನ್ನು ತುಂಬಿಸಿದ ತಕ್ಷಣ ವಾಸಿ ಎಂಬುದು ನಿಜವಾಗಿದ್ದರೆ ಮಾರನೆಯ ದಿನವೇ ಎಲ್ಲರೂ ಆರಾಮಾಗಬೇಕಿತ್ತು. ಹಾಗಾಗುವುದಿಲ್ಲ. ಮುಚ್ಚಿದ ಬಾಗಿಲಿಗೆ ಹೊಂದಿಕೊಂಡು ಕೋಶಗಳು ತಮ್ಮ ಸೂಕ್ಷ್ಮತೆಯನ್ನು ಬದಲಿಸಿಕೊಳ್ಳುತ್ತವೆ, ಸಂಪರ್ಕಗಳು ನಿಧಾನಕ್ಕೆ ಮರುಜೋಡಣೆಯಾಗುತ್ತವೆ. ತಡವಾಗುವುದು ಈ ಹೊಂದಾಣಿಕೆಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಗುಳಿಗೆ ಬಿಡುವ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಹುಡುಗ ಡಾಕ್ಟರಿಗೆ ಫೋನ್ ಮಾಡಿದ. ಅವರು ಮುಂದುವರಿಸಲು ಹೇಳಿದರು, ಮುಂದುವರಿಸಿದ. ಬದಲಾವಣೆಯನ್ನು ಮೊದಲು ಗಮನಿಸಿದ್ದು ಅವನಲ್ಲ, ಅವನ ಅವ್ವ. ಮೂರನೆಯ ವಾರ ಊರಿಗೆ ಹೋದಾಗ ಅವನಾಗಿಯೇ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡನಂತೆ. ಅವನಿಗೋ ಇನ್ನೂ ಎಲ್ಲ ಹಾಗೆಯೇ ಇದೆ ಅನ್ನಿಸುತ್ತಿತ್ತು. ಇದು ಸಾಮಾನ್ಯ. ಮೊದಲು ನಿದ್ದೆ, ಹಸಿವು, ಓಡಾಡುವ ಶಕ್ತಿ ಮರಳುತ್ತವೆ. ಖುಷಿ, ಆಸೆ, ಓದುವ ಗಮನ ಹಿಂದಿನಿಂದ ಬರುತ್ತವೆ. ಆರನೆಯ ವಾರದ ಹೊತ್ತಿಗೆ ಒಂದೂವರೆ ಗಂಟೆ ಕುಳಿತು ಓದತೊಡಗಿದ್ದ.

ಶಕ್ತಿ ಮೊದಲು, ಮನಸ್ಸು ಆಮೇಲೆ ಎಂಬ ಈ ಅಂತರದಲ್ಲಿ ಒಂದು ಎಚ್ಚರ ಅಡಗಿದೆ. ನಮ್ಮ ವಯಸ್ಸಿನವರಿಗೆ ಅದು ಮುಖ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಈ ಗುಳಿಗೆಗಳ ಮಾಹಿತಿ ಪತ್ರದಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿ ಎಚ್ಚರಿಕೆ ಮುದ್ರಿಸುವಂತೆ ಆದೇಶಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಮೊದಲ ವಾರಗಳಲ್ಲಿ, ಮತ್ತು ಡೋಸ್ ಬದಲಾದಾಗ, ಕೆಲವು ಯುವಕರಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂಬುದೇ ಆ ಎಚ್ಚರಿಕೆ. ಇದರ ಅರ್ಥ ಗುಳಿಗೆ ಬೇಡ ಎಂದಲ್ಲ, ಚಿಕಿತ್ಸೆ ಇಲ್ಲದ ಖಿನ್ನತೆಯಲ್ಲೂ ಆ ಯೋಚನೆಯ ಅಪಾಯ ಇದ್ದೇ ಇರುತ್ತದೆ. ಅರ್ಥ ಏನೆಂದರೆ, ಮೊದಲ ತಿಂಗಳು ಒಬ್ಬರಾದರೂ ದಿನಾ ಮಾತಾಡಿಸುವವರು ಇರಬೇಕು. ವಿಪರೀತ ಚಡಪಡಿಕೆ, ಹೊಸದಾಗಿ ಬಂದ ಸಾವಿನ ಮಾತು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಡಾಕ್ಟರಿಗೆ ಹೇಳಬೇಕು. ಹಾಗೆಯೇ ನಿದ್ದೆಯೇ ಬೇಡವೆನ್ನುವಷ್ಟು ಉತ್ಸಾಹ, ನಿಲ್ಲದ ಮಾತು, ಬೇಕಾಬಿಟ್ಟಿ ಖರ್ಚು ಶುರುವಾದರೂ ಹೇಳಬೇಕು, ಅದು ಬೇರೆಯದೇ ಕಾಯಿಲೆಯ ಸೂಚನೆ ಇರಬಹುದು.

ಈಗ ಕಥೆಯ ಎರಡನೆಯ ಭಾಗ. ನಾಲ್ಕನೆಯ ತಿಂಗಳು ಊರ ಜಾತ್ರೆ. ಹುಡುಗ ಎಷ್ಟೋ ದಿನದ ಮೇಲೆ ನಗುನಗುತ್ತ ಊರಿಗೆ ಹೋದ. ಚೀಲದಲ್ಲಿದ್ದ ಪಟ್ಟಿಯನ್ನು ಅವನ ದೊಡ್ಡಪ್ಪ ನೋಡಿದರು. ‘ಆರಾಮ ಅದಿಯಲ್ಲೋ ತಮ್ಮಾ, ಇನ್ಯಾಕ ಇವು? ತಲಿಗೆ ಹತ್ತತಾವ, ಬಿಟ್ಟಬಿಡು’ ಅಂದರು. ಹುಡುಗನಿಗೂ ಅದೇ ಬೇಕಿತ್ತು. ಆ ದಿನವೇ ನಿಲ್ಲಿಸಿದ.

ದೊಡ್ಡಪ್ಪನ ಲೆಕ್ಕ ನಮ್ಮೆಲ್ಲರ ಲೆಕ್ಕವೇ. ಜ್ವರ ಬಂದರೆ ಪ್ಯಾರಸಿಟಮಾಲ್, ಜ್ವರ ಇಳಿದರೆ ಬಂದ್. ಆದರೆ ಅದೇ ದೊಡ್ಡಪ್ಪನಿಗೆ ಕ್ಷಯದ ಗುಳಿಗೆಯನ್ನು ಕೆಮ್ಮು ನಿಂತ ಮೇಲೂ ಆರು ತಿಂಗಳು ನುಂಗಬೇಕು ಎಂಬುದು ಗೊತ್ತು. ಊರೂರಿಗೆ ಆಶಾ ಕಾರ್ಯಕರ್ತೆಯರು ಅದನ್ನು ಹೇಳಿ ಹೇಳಿ ಎಲ್ಲರ ತಲೆಯಲ್ಲಿ ಕೂರಿಸಿದ್ದಾರೆ. (ಖಿನ್ನತೆಯ ಮೊದಲ ಗುಳಿಗೆಗಳಲ್ಲೊಂದು ಹುಟ್ಟಿದ್ದೇ ಕ್ಷಯದ ವಾರ್ಡಿನಲ್ಲಿ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಐಪ್ರೊನಿಯಾಜಿಡ್ ಎಂಬ ಕ್ಷಯದ ಔಷಧ ಪಡೆದ ರೋಗಿಗಳು ಅನಿರೀಕ್ಷಿತವಾಗಿ ಲವಲವಿಕೆಯಿಂದ ಓಡಾಡಿದ್ದನ್ನು ಡಾಕ್ಟರುಗಳು ಗಮನಿಸಿದರು.) ಎರಡರ ಕಾರಣ ಬೇರೆ ಬೇರೆ. ಕ್ಷಯದಲ್ಲಿ ಉಳಿದ ರೋಗಾಣು ಮತ್ತೆ ಎದ್ದು ಔಷಧಕ್ಕೆ ಬಗ್ಗದಂತಾಗುತ್ತದೆ. ಖಿನ್ನತೆಯಲ್ಲಿ ರೋಗಾಣು ಇಲ್ಲ. ಆದರೆ ಲಕ್ಷಣ ಹೋದ ಮೇಲಿನ ಮೊದಲ ತಿಂಗಳುಗಳಲ್ಲಿ ಅದು ಮರಳುವ ಸಾಧ್ಯತೆ ಹೆಚ್ಚು. ಅದಕ್ಕೇ ಮೊದಲ ಸಲದ ಖಿನ್ನತೆಗೆ ಪೂರ್ತಿ ಆರಾಮಾದ ದಿನದಿಂದ ಕನಿಷ್ಠ ಆರು ತಿಂಗಳು ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಒಂಬತ್ತರಿಂದ ಹನ್ನೆರಡು ತಿಂಗಳು ಎನ್ನುತ್ತದೆ. ಎಣಿಕೆ ಶುರುವಾಗುವುದು ಗುಳಿಗೆ ಹಿಡಿದ ದಿನದಿಂದ ಅಲ್ಲ, ಆರಾಮಾದ ದಿನದಿಂದ. ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಹೆಚ್ಚು. ‘ಒಮ್ಮೆ ಹಿಡಿದರೆ ಸಾಯೋತನಕ’ ಎಂಬ ಮಾತು ಹೆಚ್ಚಿನವರಿಗೆ ಅನ್ವಯಿಸುವುದಿಲ್ಲ.

ಜಾತ್ರೆ ಮುಗಿಸಿ ವಾಪಸ್ ಬರುವಾಗ, ಗುಳಿಗೆ ಬಿಟ್ಟ ಮೂರನೆಯ ದಿನ, ಬಸ್ಸಿನಲ್ಲಿ ಕಿಟಕಿಯಿಂದ ಕಣ್ಣು ಈ ಕಡೆ ತಿರುಗಿಸಿದಾಗ ತಲೆಯೊಳಗೆ ಚಿಟಕ್ಕನೆ ಕರೆಂಟು ಹೊಡೆದಂತಾಯಿತು ಅವನಿಗೆ. ಮತ್ತೆ ತಿರುಗಿಸಿದ, ಮತ್ತೆ ಚಿಟಕ್. ರೂಮಿಗೆ ಬರುವಷ್ಟರಲ್ಲಿ ತಲೆ ತಿರುಗು, ಬೆವರು, ನೆಗಡಿ ಬರುವ ಮುಂಚಿನ ಹಾಗೆ ಮೈಕೈ ನೋವು. ರಾತ್ರಿ ಸಿನಿಮಾದಂಥ ಕನಸು. ಮರುದಿನ ಗೆಳೆಯ ಚಹಾ ತಡ ಮಾಡಿದ ಎಂದು ಕಿರುಚಾಡಿ, ಆಮೇಲೆ ಕುಳಿತು ಅತ್ತ. ಊರಿಗೆ ಸುದ್ದಿ ಹೋಯಿತು. ‘ನೋಡ್ರಿ, ಚಟಾ ಹತ್ತಿಸ್ಯಾವ’ ಎಂದು ದೊಡ್ಡಪ್ಪ ಖಚಿತಪಡಿಸಿದರು. ಹುಡುಗ ಬೇರೆಯದನ್ನೇ ನಂಬಿದ: ಕಾಯಿಲೆ ಮರಳಿ ಬಂತು, ಇನ್ನು ತನ್ನ ಬದುಕು ಇಷ್ಟೇ ಎಂದು.

ಇಬ್ಬರದ್ದೂ ಸರಿಯಲ್ಲ. ಇದು ಮೂರನೆಯ ಸಂಗತಿ. ಗುಳಿಗೆ ಥಟ್ಟನೆ ನಿಂತಾಗ ದೇಹ ತೋರಿಸುವ ಪ್ರತಿಕ್ರಿಯೆ. ಆಗ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಹೊಂದಾಣಿಕೆ ಇಲ್ಲಿ ಬರುತ್ತದೆ. ತಿಂಗಳುಗಟ್ಟಲೆ ಮುಚ್ಚಿದ ಬಾಗಿಲಿಗೆ ಒಗ್ಗಿಕೊಂಡ ಕೋಶಗಳ ಮುಂದೆ ಬಾಗಿಲು ಎರಡೇ ದಿನದಲ್ಲಿ ತೆರೆದರೆ, ಅವಕ್ಕೆ ಹಿಂದಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ಚಟ ಎಂದರೆ ಗುಳಿಗೆಗಾಗಿ ಮನಸ್ಸು ಹಾತೊರೆಯುವುದು, ದಿನದಿನಕ್ಕೆ ಪ್ರಮಾಣ ಏರಿಸಿಕೊಳ್ಳುವುದು, ಅದರ ನಶೆಗಾಗಿ ಸುಳ್ಳು ಹೇಳುವುದು. ಈ ಗುಳಿಗೆಯಲ್ಲಿ ನಶೆಯೇ ಇಲ್ಲ. ನಮ್ಮ ಅಂಗಡಿಗೆ ಎಸ್ಸಿಟಾಲೊಪ್ರಾಮ್ ‘ಇನ್ನೊಂದೆರಡು ಹೆಚ್ಚಿಗಿ ಕೊಡ್ರಿ’ ಎಂದು ಗೋಗರೆದವರನ್ನು ನಾನು ನೋಡಿಲ್ಲ, ಮರೆತು ಬಿಟ್ಟವರನ್ನೇ ನೋಡಿದ್ದು. ಆದರೆ ‘ಚಟ ಅಲ್ಲ’ ಎಂಬ ಒಂದೇ ಮಾತು ಹೇಳಿ ಸುಮ್ಮನಾಗುವುದೂ ಅರ್ಧ ಸತ್ಯ. ದೇಹ ಒಗ್ಗಿಕೊಳ್ಳುವುದು ನಿಜ. ಅದನ್ನು ಮುಚ್ಚಿಟ್ಟು ‘ಏನೂ ಆಗಲ್ಲ’ ಎಂದು ಕಳಿಸಿದ ರೋಗಿಗೆ ಮೂರನೆಯ ದಿನ ತಲೆಯಲ್ಲಿ ಕರೆಂಟು ಹೊಡೆದರೆ, ಅವನು ಆಮೇಲೆ ಯಾವ ಡಾಕ್ಟರನ್ನೂ ನಂಬುವುದಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ ಗುಳಿಗೆ ಬಿಟ್ಟವರಲ್ಲಿ ಸುಮಾರು ನೂರಕ್ಕೆ 31 ಜನರಿಗೆ ಒಂದಾದರೂ ಇಂಥ ಲಕ್ಷಣ ಕಂಡಿತು. ಆದರೆ ಔಷಧವೇ ಇಲ್ಲದ ಹುಸಿಗುಳಿಗೆ ಬಿಟ್ಟವರಲ್ಲೂ 17 ಜನರಿಗೆ ಕಂಡಿತು. ಅಂದರೆ ಗುಳಿಗೆಯದ್ದೇ ಪಾಲು ಆರೇಳು ಜನರಲ್ಲಿ ಒಬ್ಬರಿಗೆ. ತೀವ್ರವಾಗಿ ನರಳಿದವರು ನೂರಕ್ಕೆ ಮೂರರ ಆಸುಪಾಸು. ಬಹಳ ವರ್ಷ ತೆಗೆದುಕೊಂಡವರಿಗೆ ಇದಕ್ಕಿಂತ ಹೆಚ್ಚು ಎಂದು ವಾದಿಸುವ ತಜ್ಞರಿದ್ದಾರೆ. ಯಾವ ಗುಳಿಗೆ ಎಂಬುದೂ ಮುಖ್ಯ. ಫ್ಲುಒಕ್ಸೆಟಿನ್ ದೇಹದಿಂದ ಹೊರಹೋಗಲು ವಾರಗಳನ್ನೇ ತೆಗೆದುಕೊಳ್ಳುತ್ತದೆ, ಅದು ತನ್ನನ್ನು ತಾನೇ ನಿಧಾನಕ್ಕೆ ಇಳಿಸಿಕೊಳ್ಳುತ್ತದೆ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬೇಗ ಖಾಲಿಯಾಗುತ್ತವೆ, ಅವುಗಳಲ್ಲಿ ತೊಂದರೆ ಹೆಚ್ಚು. ಕೆಲವರಿಗೆ ಒಂದು ದಿನ ಮರೆತರೂ ಗೊತ್ತಾಗುತ್ತದೆ. ಎಸ್ಸಿಟಾಲೊಪ್ರಾಮ್ ಇವೆರಡರ ನಡುವೆ.

ಹಾಗಾದರೆ ಕಾಯಿಲೆ ಮರಳಿದ್ದೋ, ಗುಳಿಗೆ ಬಿಟ್ಟದ್ದರ ಪರಿಣಾಮವೋ, ಗುರುತಿಸುವುದು ಹೇಗೆ? ಮೂರು ಸುಳಿವುಗಳಿವೆ. ಒಂದು, ಸಮಯ. ಬಿಟ್ಟದ್ದರ ಪರಿಣಾಮ ಸಾಮಾನ್ಯವಾಗಿ ಎರಡು ಮೂರು ದಿನದಿಂದ ಒಂದು ವಾರದೊಳಗೆ ಶುರುವಾಗುತ್ತದೆ. ಖಿನ್ನತೆ ಮರಳುವುದಾದರೆ ವಾರಗಳ, ತಿಂಗಳುಗಳ ಲೆಕ್ಕದಲ್ಲಿ ಮೆಲ್ಲಗೆ ಕವಿಯುತ್ತದೆ. ಎರಡು, ಲಕ್ಷಣದ ಬಗೆ. ತಲೆಯಲ್ಲಿ ಕರೆಂಟು, ತಲೆ ತಿರುಗು, ಬೆವರು ಇವು ಮೊದಲ ಕಾಯಿಲೆಯಲ್ಲಿ ಇರಲೇ ಇಲ್ಲ. ಅವ ಖಿನ್ನನಾಗಿದ್ದಾಗ ಬಸ್ಸಿನಲ್ಲಿ ಕಣ್ಣು ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಮೂರು, ಮತ್ತೆ ಗುಳಿಗೆ ಶುರುಮಾಡಿದರೆ ಈ ಲಕ್ಷಣಗಳು ಒಂದೆರಡು ದಿನಗಳಲ್ಲಿ ಕರಗುತ್ತವೆ. ಮರಳಿದ ಖಿನ್ನತೆಯಾದರೆ ಮತ್ತೆ ವಾರಗಟ್ಟಲೆ ಕಾಯಬೇಕು. ಹುಡುಗ ಡಾಕ್ಟರಿಗೆ ಫೋನ್ ಮಾಡಿದ. ಬಿಟ್ಟು ಐದು ದಿನವಾಗಿತ್ತು. ಅವರು ಅದೇ 10 ಮಿಲಿಗ್ರಾಂ ಮತ್ತೆ ಶುರುಮಾಡಲು ಹೇಳಿದರು. ಮೂರನೆಯ ದಿನಕ್ಕೆ ಕರೆಂಟು ನಿಂತಿತು.

ಇಷ್ಟು ಸ್ಪಷ್ಟವಾಗಿ ಎಲ್ಲರ ವಿಷಯದಲ್ಲೂ ತಿಳಿಯದು. ಕೆಲವರಿಗೆ ಈ ಲಕ್ಷಣಗಳು ತಿಂಗಳುಗಟ್ಟಲೆ ಎಳೆಯುತ್ತವೆ, ಎರಡೂ ಒಂದರೊಳಗೊಂದು ಬೆರೆಯುತ್ತವೆ. ಅದು ಡಾಕ್ಟರು ಬಿಡಿಸಬೇಕಾದ ಗಂಟು.

ನಿಜವಾಗಿ ಬಿಡುವ ಕಾಲ ಅವನಿಗೆ ಬಂದದ್ದು ಪೂರ್ತಿ ಆರಾಮಾಗಿ ಒಂಬತ್ತು ತಿಂಗಳಾದ ಮೇಲೆ. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಬೇಸರಿಸಬೇಡಿ. ಹತ್ತು ಮಿಲಿಗ್ರಾಂ ಇದ್ದದ್ದನ್ನು ಐದಕ್ಕೆ ಇಳಿಸಿದರೆ ಅರ್ಧ ದಾರಿ ಮುಗಿಯಿತು, ಇನ್ನರ್ಧವೂ ಅಷ್ಟೇ ಸಲೀಸು ಎಂದು ಎಲ್ಲರೂ ತಿಳಿಯುತ್ತಾರೆ. ಮಿದುಳು ಹಾಗೆ ಎಣಿಸುವುದಿಲ್ಲ. ಎಸ್ಸಿಟಾಲೊಪ್ರಾಮಿನ ಅಣ್ಣನಂಥ ಸಿಟಾಲೊಪ್ರಾಮ್ ಬಗ್ಗೆ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಎಂಬಿಬ್ಬರು 2019ರಲ್ಲಿ ಬರೆದ ಲೇಖನ ಇದನ್ನು ಚೆನ್ನಾಗಿ ತೋರಿಸುತ್ತದೆ. 20 ಮಿಲಿಗ್ರಾಂ ನುಂಗಿದಾಗ ಆ ಬಾಗಿಲುಗಳಲ್ಲಿ ನೂರಕ್ಕೆ ಸುಮಾರು 80 ಮುಚ್ಚಿರುತ್ತವೆ. ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು, ಐದೂವರೆ ಮಿಲಿಗ್ರಾಂಗೆ ಇಳಿದರೂ 60 ಮುಚ್ಚಿಯೇ ಇರುತ್ತವೆ. ಅಂದರೆ ಮೊದಲ ಹದಿನಾಲ್ಕೂವರೆ ಮಿಲಿಗ್ರಾಂ ಇಳಿಸಿದ್ದಕ್ಕೆ ಬದಲಾದದ್ದು 20, ಕೊನೆಯ ಐದೂವರೆ ಬಿಟ್ಟರೆ ಬದಲಾಗುವುದು 60. ಮಾಳಿಗೆಯಿಂದ ಇಳಿಯುವಾಗ ಮೇಲಿನ ಮೆಟ್ಟಿಲುಗಳೆಲ್ಲ ಗೇಣುದ್ದ ಇದ್ದು, ಕೊನೆಯ ಮೆಟ್ಟಿಲು ಮಾತ್ರ ಎದೆಯೆತ್ತರ ಇದ್ದಂತೆ. ಜನ ಬೀಳುವುದು ಅಲ್ಲಿಯೇ. ಹಾಗಾಗಿ ಇಳಿಸುವ ಹೆಜ್ಜೆಗಳು ಕೊನೆಗೆ ಬಂದಷ್ಟೂ ಚಿಕ್ಕದಾಗಬೇಕು.

ಹುಡುಗನಿಗೆ ಡಾಕ್ಟರು ಬರೆದುಕೊಟ್ಟದ್ದು ಹೀಗಿತ್ತು: ನಾಲ್ಕು ವಾರ 5 ಮಿಲಿಗ್ರಾಂ, ಮುಂದಿನ ನಾಲ್ಕು ವಾರ 5ರ ಗುಳಿಗೆಯ ಅರ್ಧ, ಆಮೇಲೆ ಬಂದು ತೋರಿಸಿದ ಮೇಲೆ ಮುಂದಿನ ಮಾತು. ಲಕ್ಷಣ ಬಂದರೆ ಹಿಂದಿನ ಹೆಜ್ಜೆಗೆ ವಾಪಸ್. ಇದು ಅವನ ಲೆಕ್ಕ. ನಿಮ್ಮದನ್ನು ನಿಮ್ಮ ಡಾಕ್ಟರೇ ಬರೆಯಬೇಕು, ಕೆಲವರಿಗೆ ಇನ್ನೂ ನಿಧಾನ ಬೇಕಾಗುತ್ತದೆ. ಗೀರು ಇರುವ ಗುಳಿಗೆಯನ್ನು ಮುರಿಯಬಹುದು, ಆದರೆ ನಿಧಾನಕ್ಕೆ ಕರಗುವಂತೆ ಮಾಡಿದ ಕ್ಯಾಪ್ಸೂಲ್, ಗುಳಿಗೆಗಳನ್ನು ಮುರಿಯುವಂತಿಲ್ಲ, ಕೇಳಿಯೇ ಮಾಡಿ. ‘ದಿನ ಬಿಟ್ಟು ದಿನ’ ನುಂಗಿ ಬಿಡುವ ಪದ್ಧತಿ ನಮ್ಮಲ್ಲಿ ಬಹಳ ಇದೆ, ಅದು ನೋಡಲು ಚಂದ ಅಷ್ಟೇ. ಎಸ್ಸಿಟಾಲೊಪ್ರಾಮ್ ರಕ್ತದಲ್ಲಿ ಸುಮಾರು 30 ಗಂಟೆಗೆ ಅರ್ಧವಾಗುತ್ತದೆ. ಎರಡು ದಿನಕ್ಕೊಮ್ಮೆ ನುಂಗಿದರೆ 48 ಗಂಟೆಯ ಕೊನೆಗೆ ಮೂರನೇ ಒಂದು ಭಾಗಕ್ಕೆ ಬಂದು ನಿಂತು ಮತ್ತೆ ಜಿಗಿಯುತ್ತದೆ. ಇಳಿಯುವ ಬದಲು ದಿನಬಿಟ್ಟು ದಿನ ಮೇಲೆ ಕೆಳಗೆ ಕುಣಿಸಿದಂತೆ.

ಎಷ್ಟು ಜಾಣತನದಿಂದ ಇಳಿಸಿದರೂ ಖಿನ್ನತೆ ಮರಳುವುದೇ ಇಲ್ಲ ಎಂಬ ಖಾತ್ರಿ ಯಾರೂ ಕೊಡಲಾರರು. ಬ್ರಿಟನ್ನಿನಲ್ಲಿ ಬಹುಕಾಲ ಗುಳಿಗೆ ತೆಗೆದುಕೊಂಡು ಚೆನ್ನಾಗಿದ್ದ 478 ಜನರ ಮೇಲೆ ನಡೆದ ಆಂಟ್ಲರ್ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಒಂದು ವರ್ಷದಲ್ಲಿ, ಇಳಿಸಿ ಬಿಟ್ಟವರಲ್ಲಿ ನೂರಕ್ಕೆ 56 ಜನರಿಗೆ ಖಿನ್ನತೆ ಮರಳಿತು, ಮುಂದುವರಿಸಿದವರಲ್ಲಿ 39 ಜನರಿಗೆ. ಆ ಜನರಲ್ಲಿ ಬಹುಪಾಲು ಹಲವು ಸಲ ಖಿನ್ನತೆ ಕಂಡವರು, ಮೊದಲ ಸಲದವರ ಲೆಕ್ಕ ಇದಲ್ಲ. ಆದರೂ ಈ ಅಂಕಿಯನ್ನು ನಾನು ಎರಡೂ ಕಡೆಯಿಂದ ಓದುತ್ತೇನೆ: ಬಿಟ್ಟವರಲ್ಲಿ 44 ಜನ ಗುಳಿಗೆ ಇಲ್ಲದೆ ಚೆನ್ನಾಗಿಯೇ ಇದ್ದರು. ಬಿಡುವುದೋ ಇಡುವುದೋ ಎಂಬುದು ದೊಡ್ಡಪ್ಪ ಜಾತ್ರೆಯಲ್ಲಿ ತೀರ್ಮಾನಿಸುವ ವಿಷಯವಂತೂ ಅಲ್ಲ. ಬಿಡುವ ಸಮಯವನ್ನೂ ಆರಿಸಿಕೊಳ್ಳಬೇಕು. ಪರೀಕ್ಷೆಗೆ ಒಂದು ತಿಂಗಳಿರುವಾಗ, ಮನೆಯಲ್ಲಿ ಮದುವೆಯೋ ಸಾವೋ ಆದಾಗ, ಹೊಸ ಊರಿಗೆ ಕೆಲಸಕ್ಕೆ ಸೇರಿದ ವಾರ ಇಳಿಸಲು ಹೋಗಬಾರದು.

ಸೌಮ್ಯ ಖಿನ್ನತೆಗೆ ಗುಳಿಗೆ ಇಲ್ಲದೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು ಎಂಬುದನ್ನೂ ಹೇಳದಿದ್ದರೆ ಗುಳಿಗೆ ಮಾರುವವ ಗುಳಿಗೆಯ ಪರ ಬರೆದ ಎಂದಾಗುತ್ತದೆ. ಸರಿಯಾದ ಡೋಸಿನಲ್ಲಿ ಆರು ವಾರ ಕಳೆದರೂ ಏನೂ ಬದಲಾಗದಿದ್ದರೆ ಅದು ನಿಮ್ಮ ಸೋಲಲ್ಲ. ಮೊದಲ ಗುಳಿಗೆ ಎಲ್ಲರಿಗೂ ಹೊಂದುವುದಿಲ್ಲ, ಡಾಕ್ಟರು ಬದಲಿಸುತ್ತಾರೆ.

ನಾನು ನೋಡಿದ ಹಠಾತ್ ನಿಲುಗಡೆಗಳಲ್ಲಿ ಎಷ್ಟೋ ಬೇಕೆಂದು ಮಾಡಿದವಲ್ಲ. ಗುಳಿಗೆ ಮುಗಿದಿರುತ್ತದೆ, ಅಷ್ಟೇ. ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಸುಮಾರು 40 ಕಿಲೋಮೀಟರ್ ಬಂದು ತೋರಿಸಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಡಾಕ್ಟರು ಆ ದಿನ ಇರುವುದಿಲ್ಲ. ಊರಿನ ಅಂಗಡಿಯಲ್ಲಿ ಚೀಟಿಯಲ್ಲಿ ಬರೆದ ಕಂಪನಿಯದ್ದು ಸಿಗುವುದಿಲ್ಲ, ‘ಇಲ್ಲ’ ಎಂದು ಕಳಿಸುತ್ತಾರೆ. ಅದೇ ಔಷಧ, ಅದೇ ಮಿಲಿಗ್ರಾಂ ಬೇರೆ ಕಂಪನಿಯದ್ದು ಇರುತ್ತದೆ. ಜನೌಷಧಿ ಕೇಂದ್ರಗಳ ಪಟ್ಟಿಯಲ್ಲೂ ಎಸ್ಸಿಟಾಲೊಪ್ರಾಮ್ ಇದೆ. ಕೇಳಬೇಕಾದ್ದು ಪೆಟ್ಟಿಗೆಯ ಹೆಸರನ್ನಲ್ಲ, ಒಳಗಿನ ಔಷಧದ ಹೆಸರನ್ನು.

ಅಷ್ಟು ದೂರ ಬರಲೇಬೇಕೆಂದೂ ಇಲ್ಲ. ದೊಡ್ಡ ಆಸ್ಪತ್ರೆಗೆ ಹೋಗದೆ ತಾಲ್ಲೂಕಿನಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕು ಎಂಬ ಪ್ರಯೋಗ ಮೊದಲು ಜಿಲ್ಲಾ ಮಟ್ಟದಲ್ಲಿ ನಡೆದದ್ದೇ ನಮ್ಮ ಪಕ್ಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ಕೈಯಿಂದ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ ಕೊಟ್ಟು ನಾಲ್ಕಾರು ಔಷಧ ಇಟ್ಟರೆ ಕೆಲಸ ನಡೆಯುತ್ತದೆ ಎಂದು ಅಲ್ಲಿ ಕಂಡಿದ್ದರಿಂದ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇದೆ. ಹೋಗುವ ಮುಂಚೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಮಂಗಳವಾರ, ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಂಡು ಹೋಗಿ. ಗದಗಿನಲ್ಲಿ ಜಿಮ್ಸ್ ಇದೆ, ಗಂಟು ದೊಡ್ಡದಾದರೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ: 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಕೌಂಟರಿನ ಒಳಗಿನವನ ಎರಡು ಮಾತು. ನಮ್ಮ ಅಂಗಡಿಯಲ್ಲಿ ಈಗ ಈ ಗುಳಿಗೆಗಳ ಪೊಟ್ಟಣದ ಮೇಲೆ ಮಾರ್ಕರಿನಲ್ಲಿ ಮೂರು ವಿಷಯ ಬರೆದು ಕೊಡುತ್ತೇವೆ: ಶುರುವಾದ ತಾರೀಖು, ಆರು ವಾರ ಆಗುವ ತಾರೀಖು, ಗುಳಿಗೆ ಮುಗಿಯುವ ತಾರೀಖಿಗಿಂತ ಐದು ದಿನ ಮೊದಲಿನ ತಾರೀಖು. ಮಾಲೀಕರು ಮೊದಲು ‘ಇದೆಲ್ಲ ಯಾಕೋ’ ಎಂದರು, ಈಗ ಅವರೇ ಬರೆಯುತ್ತಾರೆ. ಜಿಲ್ಲೆಯ ಎಲ್ಲ ಅಂಗಡಿಗಳೂ ಇದನ್ನು ಮಾಡಬಹುದು, ಒಂದು ಮಾರ್ಕರಿನ ಖರ್ಚು. ನೀವು ಮಾಡಬೇಕಾದ್ದು ಇನ್ನೂ ಸುಲಭ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಊರಿಗೆ ಹೋಗುವಾಗ ಹೋಗುವ ದಿನಕ್ಕಿಂತ ನಾಲ್ಕು ಗುಳಿಗೆ ಹೆಚ್ಚು ಚೀಲದಲ್ಲಿರಲಿ. ಒಂದು ದಿನ ಮರೆತರೆ ನೆನಪಾದಾಗ ನುಂಗಿ. ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಎರಡು ಮೂರು ವಾರ ಬಿಟ್ಟು ಹೋಗಿದ್ದರೆ ನೀವಾಗಿಯೇ ಹಳೆಯ ಡೋಸ್ ಶುರುಮಾಡಬೇಡಿ, ಡಾಕ್ಟರು ಕಡಿಮೆಯಿಂದ ಹತ್ತಿಸಬೇಕಾಗಬಹುದು. ಭಾನುವಾರ ಗುಳಿಗೆ ಮುಗಿದು ಡಾಕ್ಟರು ಸಿಗದಿದ್ದರೆ ಹಳೆಯ ಚೀಟಿ, ಖಾಲಿ ಪಟ್ಟಿ ಎರಡನ್ನೂ ಹಿಡಿದು ಅಂಗಡಿಗೆ ಬನ್ನಿ. ಡಾಕ್ಟರಿಗೆ ಫೋನ್ ಹಚ್ಚಿ ಕೇಳುವ ಕೆಲಸವನ್ನು ನಾವೂ ಮಾಡಬಲ್ಲೆವು.